ಎರಡೆಲೆ, ಒಂದು ಕುಡಿ

ಸ್ವಲ್ಪ ಬೆಲೆ ಹೆಚ್ಚಿರುವ ಚಹಾ ಪೊಟ್ಟಣಗಳ ಮೇಲೆ ‘ಕೈಯಿಂದ ಕಿತ್ತ ಎಲೆ’ ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಜೊತೆಗೊಂದು ಹಸಿರು ಗುಡ್ಡದ ಚಿತ್ರ, ಬೆನ್ನಿಗೆ ಬುಟ್ಟಿ ಹೊತ್ತು ನಗುತ್ತಿರುವ ಹೆಂಗಸು. ಕೈಯಿಂದ ಕಿತ್ತರೆ ಚಹಾದ ರುಚಿಯಲ್ಲಿ ಏನು ಬದಲಾಗುತ್ತದೆ ಎಂದು ಮಾತ್ರ ಪೊಟ್ಟಣ ಹೇಳುವುದಿಲ್ಲ. ಅದಕ್ಕೆ ಉತ್ತರ ಬೇಕಾದರೆ ನೀಲಗಿರಿಯ ಕೂನೂರು, ಕೋಟಗಿರಿ ಸುತ್ತಿನ ಯಾವುದಾದರೂ ತೋಟದಲ್ಲಿ ಎಲೆ ಕೀಳುವ ಹೆಂಗಸೊಬ್ಬಳ ಬೆಳಗನ್ನು ನೋಡಬೇಕು. ಅಲ್ಲಿ ಸಾವಿರಾರು ಹೆಂಗಸರ ದಿನಚರಿ ಹೆಚ್ಚುಕಡಿಮೆ ಒಂದೇ ಆದ್ದರಿಂದ ಇಲ್ಲಿ ಬರುವ ಆಕೆಗೆ ಹೆಸರಿಟ್ಟಿಲ್ಲ.

ಆಕೆಯ ಲೈನ್ ಮನೆಯಲ್ಲಿ ಐದಕ್ಕೆ ಮೊದಲೇ ಒಲೆ ಹೊತ್ತುತ್ತದೆ. ನೀರು ಹಿಡಿದು, ಮಕ್ಕಳಿಗೆ ಶಾಲೆಯ ಬುತ್ತಿ ಕಟ್ಟಿ, ತನ್ನ ಮಧ್ಯಾಹ್ನದ ಅನ್ನವನ್ನೂ ಡಬ್ಬಿಗೆ ತುಂಬಿದರೂ ಬೆಳಕು ಹರಿಯುವ ತನಕ ಆಕೆ ತೋಟದ ದಾರಿ ಹಿಡಿಯುವುದಿಲ್ಲ. ಕಾಡುಕೋಣಗಳು ರಾತ್ರಿಯಿಡೀ ಗಿಡದ ಸಾಲುಗಳ ನಡುವೆ ಓಡಾಡುತ್ತಿರುತ್ತವೆ, ಕರಡಿಗಳೂ ಉಂಟು. ಮಂಜಿನಲ್ಲಿ ಹತ್ತು ಮಾರು ದೂರದಲ್ಲಿ ನಿಂತ ಪ್ರಾಣಿಯೂ ಕಾಣಿಸುವುದಿಲ್ಲ. ಹೀಗಾಗಿ ಹೆಂಗಸರು ಗುಂಪು ಕಟ್ಟಿಕೊಂಡು, ಗಟ್ಟಿಯಾಗಿ ಮಾತಾಡುತ್ತಾ ಹಾಜರಿ ಕರೆಯುವ ಜಾಗಕ್ಕೆ ನಡೆಯುತ್ತಾರೆ.

ಆಡುವ ಮಾತು ತಮಿಳು. ಹಲವರ ಅಜ್ಜ ಅಜ್ಜಿಯರು ದುಡಿದದ್ದು ಸಿಲೋನಿನ ಚಹಾ ತೋಟಗಳಲ್ಲಿ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಲ್ಲಿ ಸುಮಾರು 5,25,000 ಜನರನ್ನು ಭಾರತ ಮರಳಿ ಕರೆಸಿಕೊಳ್ಳಲು ಒಪ್ಪಿಕೊಂಡಿತು. ಹಾಗೆ ಬಂದವರಿಗೆ ಕೆಲಸ ಕೊಡಲೆಂದು ತಮಿಳುನಾಡು ಸರ್ಕಾರ 1968ರಿಂದ ನೀಲಗಿರಿಯಲ್ಲಿ ಚಹಾ ತೋಟ ಎಬ್ಬಿಸಿತು. ಅದೇ ವಲಸೆಯ ಇನ್ನೊಂದು ಕವಲು ನಮ್ಮ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಿಗೆ ಬಂದು ನೆಲೆಸಿದೆ. ನೀಲಗಿರಿಯಲ್ಲಿ ಚಹಾ ಬೆಳೆಯುವ ಸಣ್ಣ ಹಿಡುವಳಿದಾರರಲ್ಲಿ ಬಹಳಷ್ಟು ಮಂದಿ ಬಡಗರು. ಅವರ ಮನೆಮಾತು ಕನ್ನಡಕ್ಕೆ ಹತ್ತಿರದ್ದು.

ಹಾಜರಿ ಮುಗಿದ ಮೇಲೆ ಮೇಸ್ತ್ರಿ ಒಬ್ಬೊಬ್ಬರಿಗೂ ಸಾಲು ಹಂಚುತ್ತಾನೆ. ಇಬ್ಬನಿಯಲ್ಲಿ ನೆನೆದ ಗಿಡಗಳ ನಡುವೆ ನುಗ್ಗಬೇಕಾದ್ದರಿಂದ ಆಕೆ ಸೊಂಟದಿಂದ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಸುತ್ತಿಕೊಳ್ಳುತ್ತಾಳೆ. ಸವರಿದ ಕೊಂಬೆಗಳ ಚೂಪು ತುದಿಯಿಂದ ಕಾಲನ್ನು ಕಾಯುವುದೂ ಅದೇ ಹಾಳೆ. ಚೀಲದ ಪಟ್ಟಿ ತಲೆಯ ಮೇಲೆ, ಚೀಲ ಬೆನ್ನ ಮೇಲೆ. ಎರಡು ಕೈಗಳೂ ಖಾಲಿ ಇರಬೇಕು.

ಚಹಾ ಗಿಡವನ್ನು ಅದರ ಪಾಡಿಗೆ ಬಿಟ್ಟರೆ ಮರವಾಗುತ್ತದೆ. ನಾಲ್ಕೈದು ವರ್ಷಕ್ಕೊಮ್ಮೆ ಅದನ್ನು ಸವರಿ ಸೊಂಟದೆತ್ತರಕ್ಕೆ ನಿಲ್ಲಿಸುವುದರಿಂದ ಮೇಲ್ಭಾಗ ಮೇಜಿನಂತೆ ಸಮತಟ್ಟಾಗಿ ಹರಡಿಕೊಳ್ಳುತ್ತದೆ. ಚಿಗುರು ಬರುವುದು ಈ ಹಾಸಿನ ಮೇಲೆ. ಕೆಲವು ತೋಟಗಳಲ್ಲಿ ಅದರ ಮೇಲೊಂದು ಹಗುರ ಕೋಲನ್ನು ಅಡ್ಡ ಇಡುತ್ತಾರೆ. ಕೋಲಿನ ಮೇಲಕ್ಕೆ ತಲೆ ಎತ್ತಿದ್ದನ್ನಷ್ಟೇ ಕೀಳಬೇಕು, ಕೆಳಗಿನದು ಮುಂದಿನ ಸುತ್ತಿಗೆ. ಹಾಸು ಏರುಪೇರಾದರೆ ಕೈ ತಡಕಾಡುತ್ತದೆ, ದಿನದ ತೂಕ ಇಳಿಯುತ್ತದೆ.

ಆಕೆಯ ಕಣ್ಣು ಹುಡುಕುವುದು ಚಿಗುರಿನ ತುದಿಯನ್ನು. ಅಲ್ಲಿ ಇನ್ನೂ ಸುರುಳಿ ಬಿಚ್ಚದ ಕುಡಿ, ಅದರ ಕೆಳಗೆ ಮೊದಲ ಎಲೆ, ಅದರ ಕೆಳಗೆ ಎರಡನೆಯದು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ದಂಟನ್ನು ಹಿಡಿದು ಸ್ವಲ್ಪ ಬಾಗಿಸಿದರೆ ಎಳೆಯದು ಪಟ್ಟನೆ ಮುರಿಯುತ್ತದೆ. ಮುರಿಯದೆ ನಾರಿನಂತೆ ಬಾಗಿದರೆ ಅದು ಬಲಿತಿದೆ ಎಂದರ್ಥ. ಎಳೆದು ಕೀಳುವಂತಿಲ್ಲ, ಸಿಪ್ಪೆ ಕಿತ್ತುಬರುತ್ತದೆ. ಕೆಳಗೆ ಉಳಿಸಿದ ಎಲೆಯ ಕಂಕುಳಿನಿಂದಲೇ ಮುಂದಿನ ಚಿಗುರು ಹೊರಡಬೇಕು, ಆದ್ದರಿಂದ ಆ ಎಲೆಗೆ ಪೆಟ್ಟಾಗಬಾರದು.

ಕೆಲವು ಚಿಗುರುಗಳ ತುದಿಯಲ್ಲಿ ಕುಡಿ ಬೆಳೆಯದೆ ಸಣ್ಣ ಮುಳ್ಳಿನಷ್ಟೇ ಆಗಿ ನಿಂತುಬಿಟ್ಟಿರುತ್ತದೆ. ತೋಟದವರು ಇದನ್ನು ಬಂಜಿ ಎನ್ನುತ್ತಾರೆ. ಗಿಡ ದಣಿದಾಗ, ಮಳೆ ತಪ್ಪಿದಾಗ, ಸವರಿ ವರ್ಷಗಳಾದಾಗ ಬಂಜಿ ಹೆಚ್ಚು. ಅದರ ಎಲೆ ಬೇಗ ಒರಟಾಗುತ್ತದೆ. ಎಳೆಯ ಬಂಜಿಯನ್ನು ಚೀಲಕ್ಕೆ ಹಾಕಬಹುದು, ಬಲಿತದ್ದನ್ನು ಮುರಿದು ಬಿಸಾಡಬೇಕು. ಬಿಟ್ಟರೆ ಆ ಕೊಂಬೆ ಹಾಗೇ ಮಲಗಿಬಿಡುತ್ತದೆ.

ಎರಡೆಲೆ ಒಂದು ಕುಡಿ ಎಂಬ ಲೆಕ್ಕದ ಕಾರಣ ಎಲೆಯೊಳಗಿದೆ. ಚಹಾಕ್ಕೆ ಬಣ್ಣ, ಒಗರು, ಚುರುಕು ಕೊಡುವ ಪಾಲಿಫಿನಾಲ್‌ಗಳೂ ಕೆಫೀನ್ ಕೂಡ ಕುಡಿಯಲ್ಲಿ ಮತ್ತು ಮೊದಲ ಎಲೆಯಲ್ಲಿ ಹೆಚ್ಚು. ಕೆಳಗಿಳಿದಂತೆ ಅವು ಕಡಿಮೆಯಾಗಿ ನಾರು ಏರುತ್ತದೆ. ಮೂರನೆಯ, ನಾಲ್ಕನೆಯ ಎಲೆ ಸೇರಿದಷ್ಟೂ ಕಷಾಯ ಸಪ್ಪೆಯಾಗುತ್ತದೆ, ಪುಡಿಯಲ್ಲಿ ಕಡ್ಡಿ ಕಾಣಿಸಿಕೊಳ್ಳುತ್ತದೆ. ಕಾರ್ಖಾನೆಯ ಯಂತ್ರ ಎಷ್ಟೇ ಒಳ್ಳೆಯದಿರಲಿ, ಎಲೆಯಲ್ಲಿ ಇಲ್ಲದ್ದನ್ನು ಅದು ತುಂಬಲಾರದು.

ಹಾಗೆಂದು ಒಳ್ಳೆಯ ಎಲೆ ಬರಿ ಬೆರಳಿನ ಚಳಕದಿಂದ ಸಿಗುವುದಲ್ಲ. ಬೆಳವಣಿಗೆ ಚೆನ್ನಾಗಿರುವ ತಿಂಗಳುಗಳಲ್ಲಿ ಚಿಗುರು ಸುಮಾರು ನಾಲ್ಕೈದು ದಿನಕ್ಕೊಂದು ಹೊಸ ಎಲೆ ಬಿಚ್ಚುತ್ತದೆ. ಇವತ್ತು ಒಂದೆಲೆ ಇರುವುದನ್ನು ಬಿಟ್ಟು ಮುಂದೆ ಹೋದರೆ ವಾರದೊಳಗೆ ಅದು ಎರಡೆಲೆಯದಾಗಿ ಕಾಯುತ್ತಿರುತ್ತದೆ. ಅಷ್ಟರಲ್ಲಿ ಅದೇ ಸಾಲಿಗೆ ಮರಳಬೇಕು. ಹದಿನೈದು ದಿನ ಬಿಟ್ಟು ಬಂದರೆ ನಾಲ್ಕೆಲೆ ಬಿಚ್ಚಿರುತ್ತದೆ, ಆಗ ಎಷ್ಟೇ ನುರಿತ ಕೈಯಾದರೂ ಸಿಗುವುದು ಒರಟು ಎಲೆಯೇ. ಹಾಗಾಗಿ ಏಪ್ರಿಲ್–ಮೇ ತಿಂಗಳ ಭರಾಟೆಯಲ್ಲಿ ಏಳರಿಂದ ಹತ್ತು ದಿನಕ್ಕೊಂದು ಸುತ್ತು ಮುಗಿಸಲು ಮೇಸ್ತ್ರಿ ಒದ್ದಾಡುತ್ತಾನೆ. ಆಳು ಸಾಲದೆ ಸುತ್ತು ಹಿಂದೆ ಬಿದ್ದರೆ ಇಡೀ ತೋಟದ ದರ್ಜೆ ಕುಸಿಯುತ್ತದೆ.

ಕಿತ್ತ ಚಿಗುರನ್ನು ಆಕೆ ಮುಷ್ಟಿಯಲ್ಲಿ ಹೆಚ್ಚು ಹೊತ್ತು ಇಟ್ಟುಕೊಳ್ಳುವುದಿಲ್ಲ. ಕೈ ತುಂಬುವ ಮೊದಲೇ ಹೆಗಲ ಮೇಲಿಂದ ಚೀಲಕ್ಕೆ ಎಸೆಯುತ್ತಾಳೆ. ಹಿಸುಕಿದ ಎಲೆಯಲ್ಲಿ ಕೋಶಗಳು ಒಡೆದು, ಒಳಗಿನ ಕಿಣ್ವ ಪಾಲಿಫಿನಾಲ್‌ಗಳ ಜೊತೆ ಬೆರೆತು, ಗಾಳಿ ತಾಗಿ ಕೆಂಪಾಗತೊಡಗುತ್ತದೆ. ಕಪ್ಪು ಚಹಾ ಆಗುವುದು ಇದೇ ಕ್ರಿಯೆಯಿಂದ. ಆದರೆ ಅದು ಕಾರ್ಖಾನೆಯಲ್ಲಿ ಎಲೆ ಬಾಡಿಸಿ, ಹೊಸೆದ ಮೇಲೆ ಹದವಾಗಿ ನಡೆಯಬೇಕಾದ್ದು. ಚೀಲದಲ್ಲೇ ಶುರುವಾದರೆ ಚಹಾದ ಪರಿಮಳ ಮಂಕಾಗುತ್ತದೆ. ತುಳಿದು ತುಂಬಿದ ಚೀಲದ ನಡುವೆ ಕೈ ತೂರಿಸಿದರೆ ಬಿಸಿ ತಾಗುತ್ತದೆ, ಅಲ್ಲಿನ ಎಲೆಯ ಅಂಚು ಕೆಂಪಾಗಿರುತ್ತದೆ. ಎಲೆ ಕೆಟ್ಟಿತೆಂದು ಗುರುತಿಸುವುದು ಹೀಗೆ.

ಹತ್ತು ಗಂಟೆಯ ಹೊತ್ತಿಗೆ ಮೊದಲ ತೂಕ. ರೈಟರ್ ತಕ್ಕಡಿ ತೂಗುಹಾಕಿ ಒಂದೊಂದೇ ಚೀಲ ನೇತಾಡಿಸುತ್ತಾನೆ. ಎಲೆ ಒದ್ದೆಯಿದ್ದರೆ ನೀರಿನ ಲೆಕ್ಕವೆಂದು ಸ್ವಲ್ಪ ಕಳೆದು ಬರೆದುಕೊಳ್ಳುತ್ತಾನೆ. ಎಷ್ಟು ಕಳೆಯಬೇಕೆಂಬುದು ಮಂಜಿನ ಬೆಳಗುಗಳ ಹಳೆಯ ಜಗಳ. ಆಮೇಲೆ ಒಂದು ಹಿಡಿ ಎಲೆ ತೆಗೆದು ಹರಡಿ, ಎಳೆಯದನ್ನೂ ಒರಟಾದದ್ದನ್ನೂ ಬೇರೆ ಮಾಡಿ, ಎಳೆಯದು ನೂರಕ್ಕೆ ಎಷ್ಟು ಎಂದು ನೋಡುತ್ತಾರೆ.

ಆಕೆ ದಿನಕ್ಕೆ 25 ಕಿಲೋ ಕಿತ್ತಳೆಂದು ಇಟ್ಟುಕೊಳ್ಳೋಣ. ಒಂದು ಚಿಗುರು ಒಂದು ಗ್ರಾಂ ಎಂದು ಹಿಡಿದರೂ 25,000 ಚಿಗುರುಗಳು. ಎಂಟು ಗಂಟೆಯ ದುಡಿಮೆಯಲ್ಲಿ 28,800 ಸೆಕೆಂಡುಗಳಿವೆ. ನಡಿಗೆ, ತೂಕ, ಊಟ ಎಲ್ಲ ಕಳೆದರೆ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಚಿಗುರು. ಹಸಿ ಎಲೆಯ ಮುಕ್ಕಾಲು ಪಾಲಿಗೂ ಮಿಕ್ಕಿ ನೀರಿರುವುದರಿಂದ ಒಂದು ಕಿಲೋ ಪುಡಿಗೆ ಸುಮಾರು ನಾಲ್ಕೂವರೆ ಕಿಲೋ ಎಲೆ ಬೇಕು. ಆಕೆಯ ದಿನದ ದುಡಿಮೆ ಐದೂವರೆ ಕಿಲೋ ಪುಡಿ, ಲೋಟಕ್ಕೆ ಎರಡೂವರೆ ಗ್ರಾಂನಂತೆ 2,200 ಲೋಟ ಚಹಾ.

ಪೊಟ್ಟಣದ ಮಾತು ಸಡಿಲವಾಗುವುದು ಈ ತಕ್ಕಡಿಯ ಮುಂದೆ. ದಿನಗೂಲಿಗೆ ಇಷ್ಟು ಕಿಲೋ ಎಂದು ನಿಗದಿಯಿರುತ್ತದೆ, ಅದನ್ನು ಮೀರಿದ ಪ್ರತಿ ಕಿಲೋಗೆ ಮೇಲಿನ ಹಣ. ಮೂರನೆಯ ಎಲೆ ಸೇರಿಸಿಕೊಂಡರೆ ಚೀಲ ಬೇಗ ತುಂಬುತ್ತದೆ, ತೂಕವೂ ಹೆಚ್ಚು. ಎಳೆಯದನ್ನೇ ಆಯುವವಳಿಗೆ ಕಿಲೋ ಕಡಿಮೆ ಬೀಳುತ್ತದೆ. ಎಳೆ ಎಲೆಗೆ ಬೇರೆ ದರ ಕೊಡದ ತೋಟದಲ್ಲಿ ಆಯ್ದು ಕೀಳು ಎಂದು ಹೇಳಿದರೆ, ಕಡಿಮೆ ಸಂಪಾದಿಸು ಎಂದು ಹೇಳಿದ ಹಾಗೆ. ಕೈಯಿಂದ ಕಿತ್ತರೂ ಎಲೆ ಒರಟಾಗುವುದು ಹೆಚ್ಚಾಗಿ ಇಂಥಲ್ಲೇ.

ಇನ್ನೊಂದು ಕಡೆ ಕತ್ತರಿ ಬಂದಿದೆ. ಬಾಯಿಗೆ ತಟ್ಟೆ ಜೋಡಿಸಿದ ಉದ್ದ ಕತ್ತರಿಯಿಂದ ಹಾಸಿನ ಮೇಲ್ಭಾಗವನ್ನು ಸವರಿದರೆ ಕೈಗಿಂತ ಹಲವು ಪಟ್ಟು ಎಲೆ ಬೀಳುತ್ತದೆ. ತೋಟದ ಮಕ್ಕಳು ಓದಿ ಕೊಯಮತ್ತೂರು, ತಿರುಪ್ಪೂರಿಗೆ ಕೆಲಸ ಅರಸಿ ಹೋಗುತ್ತಿರುವಾಗ ತೋಟಗಳಿಗೆ ಬೇರೆ ದಾರಿ ಕಡಿಮೆ. ಕತ್ತರಿಗೆ ಕಣ್ಣಿಲ್ಲ. ಎರಡೆಲೆಯದು, ಬಂಜಿ, ಇನ್ನೂ ಕಾಯಬೇಕಿದ್ದ ಒಂದೆಲೆಯದು ಎಲ್ಲವೂ ಒಟ್ಟಿಗೆ ಬೀಳುತ್ತವೆ, ಎಲೆಗಳು ಅರ್ಧಕ್ಕೆ ತುಂಡಾಗುತ್ತವೆ. ಆದರೂ ಯಂತ್ರ ಎಂದಾಕ್ಷಣ ಕಳಪೆ ಎನ್ನುವಂತಿಲ್ಲ. ಜಪಾನಿನ ಹಸಿರು ಚಹಾದ ಬಹುಪಾಲನ್ನು ಯಂತ್ರವೇ ಕೊಯ್ಯುತ್ತದೆ. ಅಲ್ಲಿ ಹಾಸನ್ನು ಅಳೆದಂತೆ ಸಮ ಇಡುವುದರಿಂದ ಚಿಗುರುಗಳು ಒಂದೇ ಹದಕ್ಕೆ ಬರುತ್ತವೆ.

ಹಾಗಾದರೆ ಕೊಳ್ಳುವವರು ತಿಳಿಯುವುದು ಹೇಗೆ? ನಮ್ಮ ಮನೆಗಳಲ್ಲಿ ಹೆಚ್ಚಾಗಿ ಬಳಸುವ ಕಾಳು ಕಾಳಾದ ಸಿಟಿಸಿ ಪುಡಿಯಲ್ಲಿ ತಿಳಿಯಲು ದಾರಿಯಿಲ್ಲ. ಎಲೆಯನ್ನು ಜಜ್ಜಿ, ಹರಿದು, ಉರುಳಿಸಿ ಅದನ್ನು ಮಾಡಿರುತ್ತಾರೆ. ಆದ್ದರಿಂದ ಅಂಥ ಪೊಟ್ಟಣದ ಮೇಲೆ ‘ಕೈಯಿಂದ ಕಿತ್ತ’ ಎಂದಿದ್ದರೆ ಅದಕ್ಕಾಗಿ ಹೆಚ್ಚು ಹಣ ಕೊಡುವ ಮೊದಲು ಯೋಚಿಸಿ. ಇಡೀ ಎಲೆಯ ಆರ್ಥೊಡಾಕ್ಸ್ ಚಹಾವಾದರೆ ಪರೀಕ್ಷೆ ಸುಲಭ. ಬಿಸಿನೀರಿನಲ್ಲಿ ಐದು ನಿಮಿಷ ನೆನೆಸಿ, ಸೋಸಿ ಉಳಿದ ಎಲೆಯನ್ನು ಬಿಳಿ ತಟ್ಟೆಯಲ್ಲಿ ಬಿಡಿಸಿ ನೋಡಿ. ಕಾರ್ಖಾನೆಯಲ್ಲಿ ಹೊಸೆದು ಜರಡಿ ಹಿಡಿದಿರುವುದರಿಂದ ಎಲ್ಲ ಚಿಗುರುಗಳೂ ಇಡಿಯಾಗಿ ಉಳಿದಿರುವುದಿಲ್ಲ. ಆದರೂ ತೆಳು ಎಲೆಗಳು, ನಡುನಡುವೆ ಕುಡಿ, ಒತ್ತಿದರೆ ಮೆತ್ತಗಾಗುವ ದಂಟು ಸಿಕ್ಕರೆ ಎಳೆಯದನ್ನೇ ಆಯ್ದಿದ್ದಾರೆ ಎನ್ನಬಹುದು. ಬಿರುಸಾದ ಎಲೆ, ಕಡ್ಡಿಯಂಥ ದಂಟುಗಳೇ ತುಂಬಿದ್ದರೆ ಅದನ್ನು ಕೈಯಿಂದಲೇ ಕಿತ್ತಿದ್ದರೂ ಕೊಟ್ಟ ಹೆಚ್ಚುವರಿ ಬೆಲೆ ದಂಡ. ಮುಂದಿನ ಸಲ ಮಾರುವವರನ್ನು ಎರಡು ಪ್ರಶ್ನೆ ಕೇಳಿ: ಎಷ್ಟು ದಿನಕ್ಕೊಂದು ಸುತ್ತು ಕೀಳುತ್ತೀರಿ, ಎಳೆ ಎಲೆ ಕಿತ್ತವರಿಗೆ ಬೇರೆ ದರ ಕೊಡುತ್ತೀರಾ? ಬೆಲೆಗೆ ತಕ್ಕ ಚಹಾ ಮಾಡುವವರ ಹತ್ತಿರ ಎರಡಕ್ಕೂ ಉತ್ತರ ಇರುತ್ತದೆ.