ನಾಲಿಗೆಗೆ ಒಗ್ಗುವ ಇಂಗ್ಲಿಷ್ ನಿರೂಪಣೆ

ಕನ್ನಡ ಮನೆಮಾತಿನವರು ಇಂಗ್ಲಿಷ್ ನಿರೂಪಣೆಯೊಂದನ್ನು ಗಟ್ಟಿಯಾಗಿ ಓದುವಾಗ ಎಡವುವುದು ಉದ್ದದ ಪದಗಳಲ್ಲಿ ಎಂಬ ನಂಬಿಕೆ ಇದೆ. ಅದು ಅಷ್ಟು ನಿಜವಲ್ಲ. 'ಫರ್ಮೆಂಟೇಷನ್', 'ಯೂನಿವರ್ಸಿಟಿ' ಸರಾಗವಾಗಿ ಬರುತ್ತವೆ. ಕಾಡುವುದು 'ಫಿಫ್ತ್ಸ್', 'ಆಸ್ಕ್ಡ್', 'ವರ್ಲ್ಡ್' ಥರದ ಗಿಡ್ಡ ಪದಗಳು. ಕನ್ನಡದ ಪದಗಳು ಬಹುಪಾಲು ಸ್ವರದಲ್ಲಿ ಮುಗಿಯುತ್ತವೆ. ಹೊರಗಿನಿಂದ ಬಂದ ಪದಕ್ಕೂ ನಾವು ಉಕಾರ ಹಚ್ಚಿ ಬಸ್ಸು, ಕಾರು, ರೋಡು ಮಾಡಿಕೊಂಡಿದ್ದೇವೆ. ವ್ಯಂಜನಗಳು ಒತ್ತಿಕೊಂಡು ಬರುವುದು ನಮಗೆ ಹೊಸತೇನಲ್ಲ. 'ಸ್ತ್ರೀ', 'ರಾಷ್ಟ್ರ' ಎನ್ನಲು ಯಾರೂ ತಡವರಿಸುವುದಿಲ್ಲ. ಆದರೆ ಅಲ್ಲೆಲ್ಲ ಒತ್ತಕ್ಷರದ ಬೆನ್ನಿಗೆ ಸ್ವರ ಇದ್ದೇ ಇರುತ್ತದೆ. ಹಾಗಾಗಿ 'ಸ್ಟ್ರೆಂತ್ಸ್' ಎಂಬ ಪದದ ಆರಂಭ ಸುಲಭ, ಕೊನೆ ಕಷ್ಟ.

ಹೀಗಿರುವಾಗ ಪದ ಬದಲಿಸುವ ಕೆಲಸವನ್ನು ನಿಘಂಟಿನಿಂದ ಶುರು ಮಾಡುವುದಕ್ಕಿಂತ ಓದುವವರ ಬಾಯಿಂದ ಶುರು ಮಾಡುವುದು ಲೇಸು. ಮೊದಲು ಬರಹವನ್ನು ತಯಾರಿಯಿಲ್ಲದೆ, ನಿಜವಾಗಿ ಓದಬೇಕಾದ ವೇಗದಲ್ಲೇ ಓದಿಸಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಬೇಕು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಓದಿಸಬೇಕು. ಎರಡು ಸಲವೂ ಎಡವಿದ ಜಾಗಕ್ಕೆ ಗುರುತು ಹಾಕಬೇಕು. ಒಂದೇ ಸಲ ಎಡವಿದ್ದರೆ ಅದು ಕಣ್ತಪ್ಪಿರಬಹುದು. ಆಮೇಲೆ ಬರಹವನ್ನು ನೋಡಿರದ ಒಬ್ಬರಿಗೆ ಮುದ್ರಿಕೆಯನ್ನಷ್ಟೇ ಕೇಳಿಸಿ, ಕೇಳಿದ್ದನ್ನು ಬರೆಯಲು ಹೇಳಬೇಕು. ಈ ಕೇಳುಗರು ಕನ್ನಡದವರಾದರೆ ಪರೀಕ್ಷೆ ಅರ್ಧ ಕೆಟ್ಟಂತೆಯೇ, ಏಕೆಂದರೆ ಇಬ್ಬರದೂ ಒಂದೇ ಉಚ್ಚಾರವಾದ್ದರಿಂದ ತಪ್ಪು ಕಿವಿಗೆ ಬೀಳುವುದೇ ಇಲ್ಲ.

ಚಿಕ್ಕಮಗಳೂರಿನ ಕಾಫಿ ಬೆಳೆಗಾರರೊಬ್ಬರು ವಿದೇಶಿ ಕೊಳ್ಳುವವರಿಗಾಗಿ ಕಿರು ವಿಡಿಯೊ ಮಾಡಿಸುತ್ತಿದ್ದಾರೆ, ದನಿ ಅವರದೇ ಎಂದಿಟ್ಟುಕೊಳ್ಳೋಣ. ಯಾರೋ ಬರೆದುಕೊಟ್ಟ ಸಾಲುಗಳು ಹೀಗಿವೆ: "ಅಪ್ರಾಕ್ಸಿಮೇಟ್ಲಿ ಥ್ರೀ ಫಿಫ್ತ್ಸ್ ಆಫ್ ಅವರ್ ಅರೇಬಿಕಾ ಈಸ್ ವೆಟ್ ಪ್ರೊಸೆಸ್ಡ್. ದ ಪಾರ್ಚ್‌ಮೆಂಟ್ ಈಸ್ ವಾಷ್ಡ್ ಥರೋಲಿ ಅಂಡ್ ಸಬ್ಸಿಕ್ವೆಂಟ್ಲಿ ಡ್ರೈಡ್. ಪೆಪ್ಪರ್ ವೈನ್ಸ್ ಕ್ಲೈಂಬ್ ದ ಸಿಲ್ವರ್ ಓಕ್ಸ್."

ಮೊದಲು ಕೊನೆಯ ಸಾಲನ್ನೇ ನೋಡಬೇಕು. ಅಲ್ಲಿ ಓದುವವರು ಎಡವುವುದಿಲ್ಲ, ಕೇಳುವವರು ಎಡವುತ್ತಾರೆ. ಇಂಗ್ಲಿಷಿನ ವಿ ಮತ್ತು ಡಬ್ಲ್ಯು ಅಕ್ಷರಗಳ ಎರಡು ಬೇರೆ ಧ್ವನಿಗಳಿಗೂ ಕನ್ನಡದಲ್ಲಿರುವುದು ಒಂದೇ ವಕಾರ. ಮೆಣಸಿನ ಬಳ್ಳಿಗೆ ಹೇಳುವ 'ವೈನ್' ಮತ್ತು ದ್ರಾಕ್ಷಿ ಮದ್ಯಕ್ಕೆ ಹೇಳುವ 'ವೈನ್' ಇಂಗ್ಲಿಷಿನವರ ಕಿವಿಯಲ್ಲಿ ಪೂರಾ ಬೇರೆ. ನಮ್ಮ ಬಾಯಲ್ಲಿ ಒಂದೇ. ಕಾಫಿ ರುಚಿ ನೋಡುವವರು ವೈನಿನ ಸ್ವಾದದ ಮಾತೂ ಆಡುವುದರಿಂದ ಮೆಣಸಿನ ಮದ್ಯವೇ ಇರಬೇಕೆಂದು ಕೊಳ್ಳುವವರು ತಿಳಿದರೂ ಅಚ್ಚರಿಯಿಲ್ಲ! "ಬ್ಲ್ಯಾಕ್ ಪೆಪ್ಪರ್ ಗ್ರೋಸ್ ಆನ್ ದ ಸಿಲ್ವರ್ ಓಕ್ ಟ್ರೀಸ್" ಎಂದರೆ ಅನುಮಾನಕ್ಕೆ ಎಡೆಯೇ ಇಲ್ಲ. ಹಾಗೆಂದು ವಕಾರ ಇರುವ ಪದಗಳನ್ನೆಲ್ಲ ಹುಡುಕಿ ಕಿತ್ತುಹಾಕಬೇಕಿಲ್ಲ. ವಾಕ್ಯದ ಮೊದಲಲ್ಲಿ ಬರುವ 'ವಿ' ಎಂಬ ಸರ್ವನಾಮವನ್ನು ಹೇಗೆ ಉಚ್ಚರಿಸಿದರೂ ಸಂದರ್ಭವೇ ಅರ್ಥ ತಿಳಿಸುತ್ತದೆ. ಅದೇ ಜಾಗದಲ್ಲಿ ಕೂರಬಲ್ಲ ಇನ್ನೊಂದು ಪದವಿದ್ದಾಗ ಮಾತ್ರ ಅಪಾಯ.

'ಥರೋಲಿ' ಪದದಲ್ಲಿ ಕಾಗುಣಿತವೇ ದಾರಿ ತಪ್ಪಿಸುತ್ತದೆ. ಬರೆದದ್ದನ್ನು ಬರೆದಂತೆಯೇ ಓದುವ ಭಾಷೆಯಲ್ಲಿ ಅಕ್ಷರ ಕಲಿತವರು ಅದನ್ನು ನೋಡಿ 'ಥ್ರೂಲಿ' ಎಂದು ಓದುವುದು ಅಪರೂಪವಲ್ಲ. ಅದಕ್ಕೆ 'ವೆಲ್' ಸಾಕು. 'ಸಬ್ಸಿಕ್ವೆಂಟ್ಲಿ' ಬದಲಿಗೆ 'ದೆನ್' ಸಾಕು. 'ವಾಷ್ಡ್ ಥರೋಲಿ' ಎನ್ನುವಾಗ ಮೂರು ವ್ಯಂಜನಗಳು ಎರಡು ಪದಗಳ ನಡುವೆ ಡಿಕ್ಕಿ ಹೊಡೆಯುತ್ತವೆ. ಇಲ್ಲಿ ಪದಕ್ಕಿಂತ ಕ್ರಿಯಾರೂಪ ಬದಲಿಸುವುದು ಜಾಣತನ: "ವಿ ವಾಷ್ ದ ಪಾರ್ಚ್‌ಮೆಂಟ್ ವೆಲ್. ದೆನ್ ಇಟ್ ಡ್ರೈಸ್ ಇನ್ ದ ಸನ್." ಒಂದು ವಾಕ್ಯ ಎರಡಾಯಿತು, ನಡುವೆ ಉಸಿರಿಗೂ ಜಾಗ ಸಿಕ್ಕಿತು.

ಮೊದಲ ಸಾಲಿನ 'ವೆಟ್ ಪ್ರೊಸೆಸ್ಡ್' ಎಂಬುದಕ್ಕೆ ಕಾಫಿ ವ್ಯಾಪಾರದಲ್ಲೇ 'ವಾಷ್ಡ್' ಎಂಬ ಪರ್ಯಾಯವಿದೆ. ಅದರ ಕೊನೆಯೂ ಒತ್ತೊತ್ತಾಗಿದೆಯಲ್ಲ ಎನ್ನಬಹುದು. ಆದರೆ ಮುಂದಿನ ಪದ ಸ್ವರದಿಂದ ಶುರುವಾದರೆ ಆ ಗಂಟು ತಾನಾಗಿ ಬಿಡುತ್ತದೆ: 'ವಾಷ್ಡ್ ಅರೇಬಿಕಾ' ಎಂಬುದನ್ನು ಕೂಡಿಸಿ 'ವಾಷ್ಟರೇಬಿಕಾ' ಎಂದೇ ಹೇಳಬಹುದು. ಸಂಧಿಯ ಭಾಷೆಯವರಿಗೆ ಇದನ್ನು ಕಲಿಸಬೇಕಾಗಿಲ್ಲ.

'ಥ್ರೀ ಫಿಫ್ತ್ಸ್' ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಐದರಲ್ಲಿ ಮೂರು ಎಂದರೆ ಅರವತ್ತು ಪರ್ಸೆಂಟ್, ಆದ್ದರಿಂದ 'ಸಿಕ್ಸ್ಟಿ ಪರ್ಸೆಂಟ್' ಎನ್ನೋಣವೆಂದರೆ ಅದು 'ಸಿಕ್ಸ್ಟೀನ್' ಎಂದು ಕೇಳಿಸಬಹುದು. ಈ ಎರಡನ್ನು ಇಂಗ್ಲಿಷಿನವರು ಗುರುತಿಸುವುದು ಯಾವ ಭಾಗಕ್ಕೆ ಒತ್ತು ಬಿತ್ತು ಎಂಬುದರಿಂದಲೂ. ಕನ್ನಡದಲ್ಲಿ ಒತ್ತಿನಿಂದ ಪದದ ಅರ್ಥ ಬದಲಾಗುವುದಿಲ್ಲವಾದ್ದರಿಂದ ಎಲ್ಲ ಭಾಗಗಳನ್ನೂ ಹೆಚ್ಚುಕಡಿಮೆ ಸಮನಾಗಿ ಹೇಳುವ ರೂಢಿ ನಮ್ಮದು. ಅಂದರೆ ಬದಲಿ ಪದವನ್ನೂ ಬಾಯಲ್ಲಿ ಹೇಳಿಸಿಯೇ ಒಪ್ಪಬೇಕು. ನಿಖರ ಲೆಕ್ಕ ಬೇಡವಾದರೆ 'ಮೋರ್ ದ್ಯಾನ್ ಹಾಫ್' ಎನ್ನಬಹುದು. ಲೆಕ್ಕ ಬೇಕೇ ಬೇಕಾದರೆ 60% ಎಂದು ಪರದೆಯ ಮೇಲೆ ತೋರಿಸುವುದೇ ದಾರಿ.

'ಪಾರ್ಚ್‌ಮೆಂಟ್' ಪದವನ್ನು ಮಾತ್ರ ಮುಟ್ಟಬಾರದು. ಸಿಪ್ಪೆ ಎಂಬರ್ಥದಲ್ಲಿ 'ಹಸ್ಕ್' ಎಂದೋ 'ಸ್ಕಿನ್' ಎಂದೋ ಹಾಕಿದರೆ ಸರಕೇ ಬದಲಾಗುತ್ತದೆ. ಹಣ್ಣಿನ ಮೇಲ್ಸಿಪ್ಪೆ ಬಿಡಿಸಿ, ತೊಳೆದು, ಒಳಪೊರೆಯ ಸಮೇತ ಒಣಗಿಸಿದ ಬೀಜಕ್ಕೆ ವ್ಯಾಪಾರದಲ್ಲಿ ಪಾರ್ಚ್‌ಮೆಂಟ್ ಎಂದೇ ಹೆಸರು. ಹಣ್ಣನ್ನು ಹಾಗೆಯೇ ಒಣಗಿಸಿದರೆ ಅದು ಚೆರಿ. ತಳಿಯ ಹೆಸರು, ದರ್ಜೆ, ಊರು, ಒಪ್ಪಂದದ ಮಾತುಗಳೂ ಇದೇ ಗುಂಪಿಗೆ ಸೇರುತ್ತವೆ. ಹೀಗೆ ಬಿಡಲಾಗದ ಪದ ಕಷ್ಟದ್ದಾದರೆ ವಾಕ್ಯದ ಕೊನೆಗೆ ತಂದು, ಒಂದೇ ಸಲ ನಿಧಾನವಾಗಿ ಹೇಳಿ, ಮುಂದೆ 'ಇಟ್' ಎಂದು ಸಾಗಬಹುದು.

ಎಲ್ಲರಿಗೂ ಒಂದೇ ಪಟ್ಟಿ ಸಲ್ಲದು. ಮಂಡ್ಯ, ಮೈಸೂರು ಕಡೆಯ ಹಳ್ಳಿಯ ಮಾತಿನಲ್ಲಿ ಪದದ ಮೊದಲ ಹಕಾರ ಬಿದ್ದುಹೋಗುವುದುಂಟು. ಅಂಥವರು 'ಹಾರ್ವೆಸ್ಟ್' ಬದಲು 'ಪಿಕಿಂಗ್' ಎಂದರೆ ಹಗುರ, ತೋಟದವರೂ ಅದನ್ನೇ ಬಳಸುತ್ತಾರೆ. ಶುದ್ಧ ಹಕಾರ ಇರುವವರಿಗೆ ಈ ಬದಲಾವಣೆಯೇ ಬೇಡ.

ಏನನ್ನು ಹಾಗೆಯೇ ಬಿಡಬಹುದು ಎಂಬುದೂ ತಿಳಿದಿರಬೇಕು. ಬೇರೆಬೇರೆ ಮಾತೃಭಾಷೆಯವರು ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುವಾಗ ಅರ್ಥ ಕೆಡುವುದು ಎಲ್ಲಿ ಎಂದು ಪರಿಶೀಲಿಸಿ ಜೆನಿಫರ್ ಜೆಂಕಿನ್ಸ್ 2000ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರ ಪ್ರಕಾರ 'ಥಿಂಕ್', 'ದಿಸ್' ಪದಗಳ ಮೊದಲ ಧ್ವನಿ ಇಂಗ್ಲಿಷಿನವರಂತೆಯೇ ಬರಬೇಕೆಂದಿಲ್ಲ. ಸ್ವರದ ಹ್ರಸ್ವ–ದೀರ್ಘ, ವಾಕ್ಯದ ಮುಖ್ಯ ಪದದ ಮೇಲಿನ ಒತ್ತು ತಪ್ಪಬಾರದು. ಕನ್ನಡಿಗರ ಥಕಾರ, ದಕಾರಗಳಿಂದ ಕೆಲಸ ನಡೆಯುತ್ತದೆ, ಹ್ರಸ್ವ–ದೀರ್ಘ ನಮಗೆ ಮೊದಲೇ ಗೊತ್ತು. ಕೊನೆಗೊಂದು ಸಣ್ಣ ಉಕಾರ ಸೇರಿಕೊಂಡರೂ ವ್ಯಂಜನವನ್ನೇ ನುಂಗುವುದಕ್ಕಿಂತ ವಾಸಿ.

ತಿದ್ದಿದ ಮೇಲೆ ಬರಹವನ್ನು ಇಡಿಯಾಗಿ ಇನ್ನೊಮ್ಮೆ ಓದಿಸಬೇಕು. ಬರೆದುಕೊಟ್ಟವರ ಒಪ್ಪಿಗೆಯೂ ಬೇಕು, ಏಕೆಂದರೆ ಸುಲಭದ ಪದ ಹುಡುಕುವ ಭರದಲ್ಲಿ ಅರ್ಥ ಸರಿದುಹೋಗಿದ್ದರೆ ಅದು ಮೊದಲು ಕಾಣುವುದು ಅವರಿಗೇ. ಅಷ್ಟಾದ ಮೇಲೂ ಉಳಿಯುವ ಎರಡು–ಮೂರು ಪದಗಳನ್ನು ಅಭ್ಯಾಸ ಮಾಡಿಯೇ ಕಲಿಯಬೇಕು.