ಮಾರ್ಚ್ ತಿಂಗಳ ಗ್ರಾಹಕರು ಎಷ್ಟು ಮಂದಿ?

‘ತಿಂಗಳ ಸಕ್ರಿಯ ಗ್ರಾಹಕರು’ ಎಂಬ ಸಂಖ್ಯೆಯನ್ನು ಎಣಿಸುವ ಮುನ್ನ ನಾಲ್ಕು ಸಂಗತಿ ಇತ್ಯರ್ಥವಾಗಿರಬೇಕು: ಗ್ರಾಹಕ ಯಾರು, ಏನು ಮಾಡಿದರೆ ಆತ ಸಕ್ರಿಯ, ತಿಂಗಳು ಎಲ್ಲಿಂದ ಎಲ್ಲಿಯವರೆಗೆ, ಲೆಕ್ಕ ಮುಚ್ಚುವುದು ಎಂದು. ಮೊಬೈಲ್ ಸೇವೆಯಲ್ಲಿ ಇದು ಇತ್ಯರ್ಥವಾಗಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ತನ್ನ ತಿಂಗಳ ವರದಿಯಲ್ಲಿ ಒಟ್ಟು ಚಂದಾದಾರರನ್ನೂ ಸಕ್ರಿಯ ಚಂದಾದಾರರನ್ನೂ ಬೇರೆಬೇರೆಯಾಗಿ ಕೊಡುತ್ತದೆ. ಜಾಲದ ವಿಎಲ್‌ಆರ್ ಎಂಬ ದಾಖಲೆಯಲ್ಲಿ ಅತಿ ಹೆಚ್ಚು ಸಂಖ್ಯೆ ಕಂಡ ದಿನದ ಎಣಿಕೆಯೇ ಸಕ್ರಿಯರ ಲೆಕ್ಕ. ಒಪ್ಪುವುದು ಬಿಡುವುದು ಬೇರೆ ಮಾತು, ಎಲ್ಲ ಕಂಪನಿಗಳಿಗೂ ಅಳತೆಗೋಲು ಒಂದೇ. ಒಂದೇ ಕಂಪನಿಯ ವಿಭಾಗಗಳ ನಡುವೆ ಮಾತ್ರ ಇಷ್ಟು ಒಮ್ಮತ ಅಪರೂಪ.

ಬೆಂಗಳೂರಿನಲ್ಲಿ ಹಾಲು, ದಿನಸಿ ಮನೆಗೆ ತಲುಪಿಸುವ ಕಂಪನಿಯೊಂದನ್ನು ಊಹಿಸಿಕೊಳ್ಳಬಹುದು. ಮಾರ್ಚ್ ತಿಂಗಳಿಗೆ ಮಾರ್ಕೆಟಿಂಗ್ ವಿಭಾಗದ ಲೆಕ್ಕ 1,20,000, ಡೆಲಿವರಿ ವಿಭಾಗದ್ದು 84,000, ಹಣಕಾಸು ವಿಭಾಗದ್ದು 78,000. ಮಾರ್ಕೆಟಿಂಗ್‌ನವರು ಎಣಿಸಿದ್ದು ಆ್ಯಪ್ ತೆರೆದವರನ್ನು. ಅದು ತಪ್ಪಲ್ಲ, ಆದರೆ ಅವರೆಲ್ಲ ಗ್ರಾಹಕರೂ ಅಲ್ಲ. ಆ ಅಂಕಿಗೆ ‘ಆ್ಯಪ್ ಭೇಟಿದಾರರು’ ಎಂದು ಬೇರೆ ಹೆಸರಿಟ್ಟರೆ ಆ ಜಗಳ ಅಲ್ಲಿಗೇ ಮುಗಿಯುತ್ತದೆ. ಉಳಿದ ಎರಡರ ನಡುವಿನ 6,000 ವ್ಯತ್ಯಾಸವೇ ನಿಜವಾದ ಕಗ್ಗಂಟು.

ಇದನ್ನು ಬಿಡಿಸಲು ಮೊತ್ತಗಳನ್ನು ಎದುರುಬದುರು ಇಟ್ಟು ವಾದಿಸಿ ಪ್ರಯೋಜನವಿಲ್ಲ. ಎರಡೂ ವಿಭಾಗಗಳು ತಾವು ಎಣಿಸಿದವರ ಪಟ್ಟಿಯನ್ನೇ ಕೊಡಬೇಕು. ಪಟ್ಟಿ ತೆರೆದೊಡನೆ ಮೊದಲ ಕಾರಣ ಸಿಗುತ್ತದೆ: ಡೆಲಿವರಿಯವರು ಖಾತೆಗಳನ್ನು ಎಣಿಸಿದ್ದರು, ಹಣಕಾಸಿನವರು ಫೋನ್ ನಂಬರುಗಳನ್ನು. ಒಂದೇ ನಂಬರಿನಲ್ಲಿ ಎರಡು ಖಾತೆ ಇರುವವರನ್ನು ಕೂಡಿಸಿದಾಗ 84,000 ಎಂಬುದು 80,500ಕ್ಕೆ ಇಳಿಯುತ್ತದೆ.

ಈಗ ಉಳಿದ ವ್ಯತ್ಯಾಸ 2,500. ಆದರೆ ಈ ಅಂಕಿ ಅರ್ಧ ಸತ್ಯ. ಹೆಸರಿಗೆ ಹೆಸರು ತಾಳೆ ಹಾಕಿದರೆ ಡೆಲಿವರಿ ಪಟ್ಟಿಯಲ್ಲಿ ಮಾತ್ರ ಇರುವವರು 4,300, ಹಣಕಾಸಿನ ಪಟ್ಟಿಯಲ್ಲಿ ಮಾತ್ರ ಇರುವವರು 1,800. ಎರಡು ತಪ್ಪುಗಳು ಎದುರು ದಿಕ್ಕಿನಿಂದ ಬಂದು ಒಂದನ್ನೊಂದು ಮುಚ್ಚಿಹಾಕಿದ್ದವು. ಮೊತ್ತಗಳು ಸರಿಸಮವಾಗಿ ಬಂದಾಗಲೂ ಪಟ್ಟಿ ನೋಡಬೇಕಾದದ್ದು ಇದಕ್ಕಾಗಿಯೇ.

4,300 ಜನರಲ್ಲಿ 3,400 ಮಂದಿ ಸಾಮಾನು ತಲುಪಿದ ಮೇಲೆ ಪೂರ್ತಿ ಹಣ ವಾಪಸು ಪಡೆದವರು, ಹಣಕಾಸಿನವರು ಅವರನ್ನು ಕೈಬಿಟ್ಟಿದ್ದರು. ಉಳಿದ 900 ಮಂದಿಯದು ಗಡಿಯಾರದ ಸಮಸ್ಯೆ. ಡೆಲಿವರಿ ವಿಭಾಗದ ಸರ್ವರ್ ಯುಟಿಸಿ ಸಮಯದಲ್ಲಿ ನಡೆಯುತ್ತದೆ, ಅದು ಭಾರತದ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಏಪ್ರಿಲ್ 1ರ ಬೆಳಗಿನ ಐದಕ್ಕೆ ಬಾಗಿಲಿಗೆ ಬಂದ ಹಾಲು ಅಲ್ಲಿ ಮಾರ್ಚ್ 31ರ ರಾತ್ರಿ ಹನ್ನೊಂದೂವರೆಯ ಹಾಲು. ದಿನವೂ ಹಾಲು ಕೊಳ್ಳುವವರು ಹೇಗಿದ್ದರೂ ಎಣಿಕೆಗೆ ಬರುವುದರಿಂದ ಈ ದೋಷ ಕಣ್ಣಿಗೆ ಬೀಳುವುದಿಲ್ಲ. ಮಾರ್ಚ್‌ನಲ್ಲಿ ಬೇರೇನೂ ಕೊಳ್ಳದವರಲ್ಲಿ ಮಾತ್ರ ಅದು ಬಯಲಾಗುತ್ತದೆ. ಇದೇ ಕಾರಣಕ್ಕೆ ಮಾರ್ಚ್ 1ರ ನಸುಕಿನಲ್ಲಿ ಮಾತ್ರ ಕೊಂಡ 600 ಮಂದಿ ಫೆಬ್ರುವರಿಗೆ ಜಾರಿ, ಹಣಕಾಸಿನ ಪಟ್ಟಿಯಲ್ಲಷ್ಟೇ ಉಳಿದಿದ್ದರು. ಆ ಪಟ್ಟಿಯ ಉಳಿದ 1,200 ಮಂದಿ ಮಾರ್ಚ್ 31ರಂದು ಹಣ ಕಟ್ಟಿ ಮರುದಿನ ಸಾಮಾನು ಪಡೆದವರು.

ಇಷ್ಟಾದ ಮೇಲೆ ವ್ಯಾಖ್ಯೆ ಬರೆಯುವುದು ಕಷ್ಟವಲ್ಲ. ಭಾರತೀಯ ಸಮಯದ ಪ್ರಕಾರ ಆ ತಿಂಗಳ ಮೊದಲ ದಿನದಿಂದ ಕೊನೆಯ ದಿನದವರೆಗೆ ಕನಿಷ್ಠ ಒಂದು ಆರ್ಡರ್ ತಲುಪಿರಬೇಕು, ಅದರ ಹಣ ಪಾವತಿಯಾಗಿರಬೇಕು, ಪೂರ್ತಿ ವಾಪಸಾಗಿರಬಾರದು. ಅಂಥ ಪ್ರತಿ ಫೋನ್ ನಂಬರೂ ಒಬ್ಬ ಗ್ರಾಹಕ, ಸಿಬ್ಬಂದಿಯ ಪರೀಕ್ಷಾ ಖಾತೆಗಳು ಲೆಕ್ಕಕ್ಕಿಲ್ಲ. ಒಂದೇ ನಂಬರನ್ನು ಇಡೀ ಮನೆಯವರು ಬಳಸುತ್ತಾರೆ ಎಂಬ ಆಕ್ಷೇಪ ಸರಿಯಾದದ್ದೇ, ಆದರೆ ಅದಕ್ಕೆ ಪೂರ್ಣ ಪರಿಹಾರವಿಲ್ಲ. ಹಣ ವಾಪಸಿಗೊಂದು ಗಡುವೂ ಬೇಕು. ಮುಂದಿನ ತಿಂಗಳ 7ರಂದು ಲೆಕ್ಕ ಮುಚ್ಚುವುದಾದರೆ ಆಮೇಲಿನ ವಾಪಸು ಆ ಅಂಕಿಯನ್ನು ಮುಟ್ಟಬಾರದು. ಇಲ್ಲದಿದ್ದರೆ ಸೋಮವಾರದ ವರದಿ ಶುಕ್ರವಾರದ್ದಕ್ಕೆ ಹೊಂದುವುದಿಲ್ಲ. ಈ ನಿಯಮ ಡೇಟಾಬೇಸಿನಲ್ಲಿ ಒಂದೇ ಕಡೆ ಇದ್ದು, ಎಲ್ಲ ವಿಭಾಗಗಳ ವರದಿಯೂ ಅಲ್ಲಿಂದಲೇ ಬರಬೇಕು. ಪ್ರತಿಯೊಬ್ಬರೂ ತಮ್ಮ ಎಕ್ಸೆಲ್ ಹಾಳೆಗೆ ನಕಲು ಮಾಡಿಕೊಂಡರೆ ಕೆಲವೇ ತಿಂಗಳಲ್ಲಿ ನಕಲುಗಳು ಬೇರೆಬೇರೆಯಾಗುತ್ತವೆ.

ವ್ಯಾಖ್ಯೆ ಒಂದೇ ಆದ ಮೇಲೂ ಒಂದು ತಪ್ಪು ಉಳಿಯುತ್ತದೆ: ಕೂಡುವುದು. ಮೈಸೂರಿನಲ್ಲೂ ಬೆಂಗಳೂರಿನಲ್ಲೂ ಆರ್ಡರ್ ಮಾಡಿದವರು ಎರಡೂ ಊರಿನ ಲೆಕ್ಕದಲ್ಲಿರುತ್ತಾರೆ, ಹಾಗಾಗಿ ಊರುಗಳ ಮೊತ್ತ ಕಂಪನಿಯ ಮೊತ್ತವನ್ನು ಮೀರುತ್ತದೆ. ಮೂರು ತಿಂಗಳ ಅಂಕಿ ಕೂಡಿದರೆ ತ್ರೈಮಾಸಿಕದ ಗ್ರಾಹಕರ ಸಂಖ್ಯೆಯೂ ಸಿಗದು, ಅದನ್ನು ಹೊಸದಾಗಿಯೇ ಎಣಿಸಬೇಕು.

ತಪ್ಪು ತಡವಾಗಿ ಸಿಕ್ಕಾಗ ಹಳೆಯ ಅಂಕಿಗಳನ್ನೂ ತಿದ್ದಬೇಕಾಗುತ್ತದೆ. ಟ್ವಿಟರ್ 2022ರ ಏಪ್ರಿಲ್‌ನಲ್ಲಿ ಹಾಗೆ ಮಾಡಿತು. ಒಬ್ಬರೇ ಜೋಡಿಸಿಕೊಂಡ ಹಲವು ಖಾತೆಗಳಲ್ಲಿ ಮುಖ್ಯ ಖಾತೆ ಬಳಸಿದರೂ ಅಲ್ಲಿ ಎಲ್ಲವೂ ಸಕ್ರಿಯವೆಂದು ಎಣಿಕೆಯಾಗುತ್ತಿದ್ದವು. ಹೀಗೆ 2021ರ ಕೊನೆಯ ತ್ರೈಮಾಸಿಕದ ದೈನಂದಿನ ಬಳಕೆದಾರರ ಸಂಖ್ಯೆ ಸುಮಾರು 19 ಲಕ್ಷ ಹೆಚ್ಚಾಗಿತ್ತು. ದೋಷ 2019ರ ಆರಂಭದಿಂದಲೇ ಇದ್ದುದರಿಂದ, ಕಂಪನಿ ತನ್ನ ಬಳಿ ದತ್ತಾಂಶ ಉಳಿದಿದ್ದ ಹಿಂದಿನ ತ್ರೈಮಾಸಿಕಗಳ ಅಂಕಿಗಳನ್ನೂ ತಿದ್ದಿ ಪ್ರಕಟಿಸಿತು.