ಅಕಾಡೆಮಿಕ್ಕೋ, ಜನರಲ್ಲೋ?

ಐಇಎಲ್‌ಟಿಎಸ್‌ಗೆ ಹೆಸರು ನೋಂದಾಯಿಸುವಾಗ, ದುಡ್ಡು ಕಟ್ಟುವುದಕ್ಕೂ ಮುಂಚೆ, ಒಂದು ಪ್ರಶ್ನೆ ಎದುರಾಗುತ್ತದೆ: ಅಕಾಡೆಮಿಕ್ ಬೇಕೋ, ಜನರಲ್ ಟ್ರೈನಿಂಗ್ ಬೇಕೋ? ಪಕ್ಕದಲ್ಲಿ ಕೂತ ಗೆಳೆಯನನ್ನು ಕೇಳಿದರೆ ‘ಜನರಲ್ ತಗೋ, ಸುಲಭ’ ಎನ್ನುತ್ತಾನೆ. ಆಯ್ಕೆ ನಿಂತಿರುವುದು ಸುಲಭ, ಕಷ್ಟದ ಮೇಲಲ್ಲ. ಫಲಿತಾಂಶದ ಹಾಳೆಯನ್ನು ಕೊನೆಗೆ ಯಾರ ಮೇಜಿನ ಮೇಲೆ ಇಡುತ್ತೀರಿ ಎಂಬುದರ ಮೇಲೆ. ಅಲ್ಲದೆ, ಆ ‘ಸುಲಭ’ ಎಂಬ ಮಾತು ಕೂಡ ಪೂರ್ತಿ ನಿಜವಲ್ಲ.

ಪರೀಕ್ಷೆಯಲ್ಲಿರುವುದು ನಾಲ್ಕು ಭಾಗ. ಕೇಳುವುದು ಮತ್ತು ಮಾತನಾಡುವುದು ಎರಡರಲ್ಲೂ ಒಂದೇ. ಬೇರೆಯಾಗುವುದು ಓದು ಮತ್ತು ಬರವಣಿಗೆ ಮಾತ್ರ. ಅಕಾಡೆಮಿಕ್‌ನ ಓದಿನಲ್ಲಿ ಮೂರು ಉದ್ದನೆಯ ಲೇಖನಗಳಿರುತ್ತವೆ. ಪುಸ್ತಕ, ನಿಯತಕಾಲಿಕೆಗಳಿಂದ ಆಯ್ದ, ವಿದ್ಯಾರ್ಥಿಯೊಬ್ಬ ಓದಬಹುದಾದ ಬರಹಗಳು. ಜನರಲ್‌ನಲ್ಲಿ ಮೊದಲು ಜಾಹೀರಾತು, ಪ್ರಕಟಣೆ, ವೇಳಾಪಟ್ಟಿಯಂಥ ಚಿಕ್ಕ ತುಣುಕುಗಳು, ಆಮೇಲೆ ಕೆಲಸದ ಜಾಗಕ್ಕೆ ಸಂಬಂಧಿಸಿದ ಬರಹಗಳು, ಕೊನೆಗೆ ಒಂದು ಉದ್ದನೆಯ ಲೇಖನ. ಎರಡರಲ್ಲೂ ಒಂದು ಗಂಟೆ, ನಲವತ್ತು ಪ್ರಶ್ನೆ.

ಜನರಲ್‌ನ ಬರಹಗಳು ಹಗುರ, ಸರಿಯೇ. ಆದರೆ ಆ ಹಗುರವನ್ನು ಅಂಕದಲ್ಲಿ ವಸೂಲಿ ಮಾಡಿಕೊಳ್ಳುತ್ತಾರೆ. ಅಕಾಡೆಮಿಕ್‌ನಲ್ಲಿ ನಲವತ್ತಕ್ಕೆ ಸುಮಾರು 30 ಸರಿಯಾದರೆ 7ನೇ ಬ್ಯಾಂಡ್ ಸಿಗುತ್ತದೆ. ಜನರಲ್‌ನಲ್ಲಿ ಅದೇ 30ಕ್ಕೆ ಸಿಗುವುದು 6. ಏಳು ಬೇಕಾದರೆ ಸುಮಾರು 34 ಸರಿಯಾಗಬೇಕು, ಅಂದರೆ ಆರಕ್ಕಿಂತ ಹೆಚ್ಚು ತಪ್ಪಿದರೆ ಬ್ಯಾಂಡ್ ಕೈತಪ್ಪುತ್ತದೆ. ‘ಎಲ್ಲ ಗೊತ್ತಿರುವುದೇ ಬಂದಿತ್ತು’ ಎಂದು ನಗುತ್ತಾ ಹೊರಬಂದವರು ಫಲಿತಾಂಶ ನೋಡಿ ಬೆಪ್ಪಾಗುವುದು ಇಲ್ಲೇ. ಪ್ರಕಟಣೆಯಲ್ಲಿ ‘ವಾರಾಂತ್ಯ ಹೊರತುಪಡಿಸಿ’ ಎಂದಿದ್ದನ್ನು ಗಮನಿಸದೆ ಕಳೆದುಕೊಂಡ ಒಂದೊಂದು ಅಂಕವೂ ಜನರಲ್‌ನಲ್ಲಿ ದುಬಾರಿ.

ಬರವಣಿಗೆಯಲ್ಲಿ ಎರಡನೆಯ ಪ್ರಶ್ನೆ ಎರಡರಲ್ಲೂ ಪ್ರಬಂಧವೇ. ಕನಿಷ್ಠ 250 ಪದ, ಮೊದಲ ಪ್ರಶ್ನೆಯ ಎರಡರಷ್ಟು ತೂಕ. ಮೊದಲ ಪ್ರಶ್ನೆಗೆ 150 ಪದ ಸಾಕು. ಅಕಾಡೆಮಿಕ್‌ನವರಿಗೆ ಅಲ್ಲಿ ಒಂದು ಗ್ರಾಫ್, ಕೋಷ್ಟಕ, ನಕ್ಷೆ ಅಥವಾ ಯಾವುದೋ ವಸ್ತು ತಯಾರಾಗುವ ಹಂತಗಳ ಚಿತ್ರ ಕೊಡುತ್ತಾರೆ. ಕಂಡದ್ದನ್ನು ಹೇಳಬೇಕು, ಯಾಕೆ ಹಾಗಾಯಿತು ಎಂದು ಊಹಿಸಬಾರದು. ಎಂಜಿನಿಯರಿಂಗ್ ಓದಿದವರು ಪ್ರತಿ ಸಂಖ್ಯೆಯನ್ನೂ ಪಟ್ಟಿ ಮಾಡುತ್ತಾ ಹೋಗಿ, ಒಟ್ಟಾರೆ ಏರಿತೋ ಇಳಿಯಿತೋ ಎಂಬ ಒಂದು ವಾಕ್ಯವನ್ನೇ ಬಿಟ್ಟುಬಿಡುತ್ತಾರೆ. ಪರೀಕ್ಷಕರು ಮೊದಲು ಹುಡುಕುವುದು ಆ ವಾಕ್ಯವನ್ನು.

ಜನರಲ್‌ನವರು ಬರೆಯಬೇಕಾದದ್ದು ಪತ್ರ. ಇಲ್ಲಿ ನಮ್ಮ ಶಾಲೆಯ ಕಲಿಕೆಯೇ ಕಾಲಿಗೆ ತೊಡರುತ್ತದೆ. ರಜಾ ಅರ್ಜಿ ಬರೆದು ಪಳಗಿದ ಕೈ ಗೆಳೆಯನಿಗೆ ಬರೆಯುವ ಪತ್ರದಲ್ಲೂ ‘ವಿತ್ ಡ್ಯೂ ರೆಸ್ಪೆಕ್ಟ್’, ‘ಕೈಂಡ್ಲಿ ಡು ದ ನೀಡ್‌ಫುಲ್’ ಎಂದು ಓಡುತ್ತದೆ. ಪರೀಕ್ಷೆ ನೋಡುವುದು ಧಾಟಿಯನ್ನು: ಮನೆ ಮಾಲೀಕರಿಗೆ ದೂರು ಒಂದು ಬಗೆ, ಅಂಗಡಿಯ ವ್ಯವಸ್ಥಾಪಕರಿಗೆ ಇನ್ನೊಂದು, ಹಳೆಯ ಸ್ನೇಹಿತೆಗೆ ಮತ್ತೊಂದು. ಪ್ರಶ್ನೆಯಲ್ಲಿ ಕೊಟ್ಟ ಮೂರು ಅಂಶಗಳಲ್ಲಿ ಒಂದನ್ನು ಬಿಟ್ಟರೂ ಅಂಕ ಇಳಿಯುತ್ತದೆ. ವಿಳಾಸ ಬರೆಯುವ ಅಗತ್ಯವಿಲ್ಲ ಎಂದು ಪ್ರಶ್ನೆಯಲ್ಲೇ ಹೇಳಿರುತ್ತಾರೆ, ಆದರೂ ಎಷ್ಟೋ ಜನ ಮೂಲೆಯಲ್ಲಿ ಫ್ರಮ್, ಟು ಬರೆದು ಎರಡು ನಿಮಿಷ ಕಳೆಯುತ್ತಾರೆ.

ಇನ್ನು, ಯಾರು ಯಾವುದನ್ನು ಕೇಳುತ್ತಾರೆ? ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಅಕಾಡೆಮಿಕ್ ಕೇಳುತ್ತವೆ. ನರ್ಸ್‌ಗಳೂ ಗಮನಿಸಬೇಕು: ಬ್ರಿಟನ್ನಿನ ನರ್ಸಿಂಗ್ ಮಂಡಳಿಯಲ್ಲಿ ನೋಂದಣಿಗೆ ಹೋಗುವವರು ಓದಲು ಅಲ್ಲ, ಕೆಲಸಕ್ಕೇ ಹೋಗುತ್ತಿದ್ದರೂ ಅವರಿಗೆ ಬೇಕಾದದ್ದು ಅಕಾಡೆಮಿಕ್. ಆಸ್ಟ್ರೇಲಿಯಾದ ಕೌಶಲ ವೀಸಾ ಎರಡನ್ನೂ ಒಪ್ಪುತ್ತದೆ; ಆದರೆ ಅಲ್ಲಿಯೂ ನರ್ಸ್ ಆಗಿ ನೋಂದಣಿಗೆ ಅಕಾಡೆಮಿಕ್ಕೇ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ಮಾತ್ರ ಜನರಲ್ ಬಿಟ್ಟು ಅಕಾಡೆಮಿಕ್ ಮುಟ್ಟುವುದಿಲ್ಲ. ಅಕಾಡೆಮಿಕ್‌ನಲ್ಲಿ ಒಂಬತ್ತಕ್ಕೆ ಒಂಬತ್ತು ಬಂದಿದ್ದರೂ ಅಲ್ಲಿ ಆ ಹಾಳೆಗೆ ಬೆಲೆಯಿಲ್ಲ.

ಕೆನಡಾದ ಲೆಕ್ಕವನ್ನು ಸ್ವಲ್ಪ ಬಿಡಿಸಿಯೇ ನೋಡೋಣ. ಬೆಂಗಳೂರಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಕೆಲಸ ಮಾಡಿದ, ಬಿ.ಇ. ಮುಗಿಸಿದ, ಮದುವೆಯಾಗದ ಹುಡುಗಿಯೊಬ್ಬಳು ಎಂದಿಟ್ಟುಕೊಳ್ಳಿ. ಜನರಲ್‌ನಲ್ಲಿ ಅವಳಿಗೆ ಕೇಳುವುದರಲ್ಲಿ 8, ಓದಿನಲ್ಲಿ 7.5, ಮಾತಿನಲ್ಲಿ 7, ಬರವಣಿಗೆಯಲ್ಲಿ 6.5. ಸರಾಸರಿ 7.25, ಅದನ್ನು ಮೇಲಕ್ಕೆ ಸರಿಸಿ 7.5 ಎಂದು ಮುದ್ರಿಸುತ್ತಾರೆ. ಮನೆಯಲ್ಲಿ ಸಿಹಿ ಹಂಚುವಷ್ಟು ಒಳ್ಳೆಯ ಅಂಕ. ಆದರೆ ಕೆನಡಾ ಸರಾಸರಿಯನ್ನು ನೋಡುವುದೇ ಇಲ್ಲ. ಪ್ರತಿ ಭಾಗವನ್ನೂ ಪ್ರತ್ಯೇಕವಾಗಿ ಸಿಎಲ್‌ಬಿ ಎಂಬ ತನ್ನದೇ ಅಳತೆಗೆ ಇಳಿಸುತ್ತದೆ. ಅದರ 9ನೇ ಮೆಟ್ಟಿಲಿಗೆ ಕೇಳುವುದರಲ್ಲಿ 8, ಉಳಿದ ಮೂರರಲ್ಲಿ ತಲಾ 7 ಇರಬೇಕು. ಇವಳ ಬರವಣಿಗೆ ಅರ್ಧ ಬ್ಯಾಂಡ್ ಕಡಿಮೆ, ಆದ್ದರಿಂದ ಅದು 8ನೇ ಮೆಟ್ಟಿಲಲ್ಲೇ ನಿಲ್ಲುತ್ತದೆ.

ಅದರಿಂದ ಆಗುವ ನಷ್ಟ ಎಷ್ಟು? ಎಕ್ಸ್‌ಪ್ರೆಸ್ ಎಂಟ್ರಿಯ ಅಂಕಪಟ್ಟಿಯಲ್ಲಿ ಬರವಣಿಗೆಗೆ ಸಿಗಬೇಕಿದ್ದ 31 ಅಂಕ 23ಕ್ಕೆ ಇಳಿಯುತ್ತದೆ, ಎಂಟು ಹೋಯಿತು. ಪದವಿ ಮತ್ತು ಭಾಷೆಯನ್ನು ಸೇರಿಸಿ ಕೊಡುವ 25 ಅಂಕ, ನಾಲ್ಕೂ ಭಾಗದಲ್ಲಿ 9ನೇ ಮೆಟ್ಟಿಲು ಇಲ್ಲದ್ದಕ್ಕೆ 13 ಆಗುತ್ತದೆ. ಕೆಲಸದ ಅನುಭವ ಮತ್ತು ಭಾಷೆ ಸೇರಿದ 50 ಅಂಕ 25ಕ್ಕೆ ಬರುತ್ತದೆ. ಒಟ್ಟು 45 ಅಂಕ ಕೈಬಿಟ್ಟಿತು, ಒಂದು ಪತ್ರ ಮತ್ತು ಒಂದು ಪ್ರಬಂಧದಲ್ಲಿ ಅರ್ಧ ಬ್ಯಾಂಡ್ ತಪ್ಪಿದ್ದಕ್ಕೆ. ಕೋಚಿಂಗ್‌ನವರು ‘ಓವರಾಲ್ ಎಷ್ಟು ಬಂತು’ ಎಂದು ಕೇಳುವುದು ಅಭ್ಯಾಸಬಲ. ಎಕ್ಸ್‌ಪ್ರೆಸ್ ಎಂಟ್ರಿಗೆ ಹೋಗುವವರು ಕೇಳಿಕೊಳ್ಳಬೇಕಾದದ್ದು ‘ಅತಿ ಕಡಿಮೆ ಎಷ್ಟು ಬಂತು’ ಎಂದು.

ಹಾಗಾದರೆ ಕೆನಡಾಕ್ಕೆ ಓದಲು ಹೊರಟ ವಿದ್ಯಾರ್ಥಿ? ಅವನಿಗೆ ಎರಡೂ ಬೇಕು, ಬೇರೆ ಬೇರೆ ಹೊತ್ತಿನಲ್ಲಿ. ಪ್ರವೇಶಕ್ಕೆ ಅಕಾಡೆಮಿಕ್. ಓದು ಮುಗಿದ ಮೇಲೆ ಅಲ್ಲೇ ದುಡಿಯಲು ಬೇಕಾದ ವರ್ಕ್ ಪರ್ಮಿಟ್‌ಗೆ 2024ರ ನವೆಂಬರ್ 1ರಿಂದ ಭಾಷಾ ಪರೀಕ್ಷೆ ಸೇರಿಕೊಂಡಿದೆ: ವಿಶ್ವವಿದ್ಯಾಲಯದ ಪದವೀಧರರಿಗೆ ಸಿಎಲ್‌ಬಿ 7, ಕಾಲೇಜಿನ ಡಿಪ್ಲೊಮಾದವರಿಗೆ 5. ಐಇಎಲ್‌ಟಿಎಸ್ ಮೂಲಕ ತೋರಿಸುವುದಾದರೆ ಅದು ಜನರಲ್ಲೇ ಆಗಿರಬೇಕು. ಏಜೆಂಟರು ಊರಲ್ಲಿ ಕೂತು ಇದನ್ನು ಹೇಳುವುದು ಅಪರೂಪ, ಅವರ ಕೆಲಸ ಪ್ರವೇಶಪತ್ರಕ್ಕೇ ಮುಗಿಯುತ್ತದಲ್ಲ.

ಹಾಗೆಂದು ಹೊರಡುವ ಮೊದಲೇ ಎರಡನ್ನೂ ಬರೆದು ಜೇಬಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಫಲಿತಾಂಶದ ಆಯುಸ್ಸು ಎರಡು ವರ್ಷ. 2026ರ ಸೆಪ್ಟೆಂಬರ್‌ನಲ್ಲಿ ಎರಡು ವರ್ಷದ ಎಂ.ಎಸ್. ಶುರುಮಾಡುವವನು ಈಗಲೇ ಜನರಲ್ ಬರೆದರೆ, ಓದು ಮುಗಿಯುವ ಹೊತ್ತಿಗೆ ಅದು ಸತ್ತಿರುತ್ತದೆ. ಕೊನೆಯ ಸೆಮಿಸ್ಟರ್‌ನಲ್ಲಿ, 2028ರ ಏಪ್ರಿಲ್ ಸುಮಾರಿಗೆ ಬರೆದರೆ ವರ್ಕ್ ಪರ್ಮಿಟ್‌ಗೂ ಆಗುತ್ತದೆ, ಒಂದು ವರ್ಷ ದುಡಿದ ಮೇಲೆ ಪಿಆರ್‌ಗೂ ಆಗುತ್ತದೆ. ಆದರೆ ಪ್ರೊಫೈಲ್ ತೆರೆದ ದಿನ ಮಾತ್ರವಲ್ಲ, ಆಹ್ವಾನ ಬಂದು ಪಿಆರ್ ಅರ್ಜಿ ಸಲ್ಲಿಸುವ ದಿನವೂ ಆ ಹಾಳೆಗೆ ಜೀವ ಇರಬೇಕು. ಅಂದರೆ 2030ರ ಏಪ್ರಿಲ್‌ಗೆ ಮುಂಚೆ ಅರ್ಜಿ ಹೋಗಿರಬೇಕು. ಅಷ್ಟರಲ್ಲಿ ಆಹ್ವಾನ ಬಾರದಿದ್ದರೆ ಮತ್ತೊಮ್ಮೆ ಜನರಲ್, ಮತ್ತೊಮ್ಮೆ ಆ ನಲವತ್ತಕ್ಕೆ ಮೂವತ್ತನಾಲ್ಕು.